ನಿಂತಲ್ಲೇ ನಿಲ್ಲುವ ಕೈಲ್ ಪೊಳ್ದ್, ಓಡಾಡುವ ಹುತ್ತರಿ

*ಸಂಪಾದಕರೇ, ನಮ್ಮ ಕೊಡಗಿನ ಹಬ್ಬಗಳಲ್ಲಿ ಕೈಲ್ ಪೊಳ್ದ್ ಸೆಪ್ಟೆಂಬರ್ 3ಕ್ಕೆ, ಕಾವೇರಿ ಸಂಕ್ರಮಣ ಅಕ್ಟೋಬರ್ 17ಕ್ಕೆ. ಇವೆರಡೂ ಅಲ್ಲಾಡುವುದಿಲ್ಲ. ಹುತ್ತರಿ ಮಾತ್ರ ಒಂದು ವರ್ಷ ನವೆಂಬರಿನಲ್ಲಿ ಬರುತ್ತದೆ, ಇನ್ನೊಂದು ವರ್ಷ ಡಿಸೆಂಬರ್ ಅರ್ಧ ಆಗುವ ಹೊತ್ತಿಗೆ. ಗಣೇಶ ಚೌತಿಯದ್ದೂ ಅದೇ ಕಥೆ. ಮಗ, ಸೊಸೆ ಬೆಂಗಳೂರಿನಲ್ಲಿದ್ದಾರೆ, ಮೊದಲೇ ರಜೆ ಹಾಕಬೇಕು. ಹುತ್ತರಿಗೂ ಒಂದು ತಾರೀಕು ಗೊತ್ತು ಮಾಡಿಬಿಟ್ಟರೆ ಯಾರಿಗೆ ಏನು ನಷ್ಟ?*
*— ನಾಪೋಕ್ಲುವಿನ ಓದುಗರು*

ರಜೆಯ ಕಷ್ಟ ನಿಜ. ಹುತ್ತರಿ ವಾರದಲ್ಲಿ ಬೆಂಗಳೂರಿನಿಂದ ಇತ್ತ ಬರುವ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ ಎನ್ನುವುದೂ ನಿಜ. ಒಪ್ಪಿದೆ. ಇನ್ನು ಮುಂದೆ ನಾನು ಚಂದ್ರನ ಕಡೆಯವನು, ಬೇಜಾರು ಮಾಡಿಕೊಳ್ಳಬೇಡಿ.

ಮೊದಲಿಗೆ ಒಂದು ತಕರಾರು. ಕಾವೇರಿ ಸಂಕ್ರಮಣ ಅಲ್ಲಾಡುವುದಿಲ್ಲ ಅಂದಿರಲ್ಲ, ನಮ್ಮ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ತಲಕಾವೇರಿಯ ತೀರ್ಥೋದ್ಭವಕ್ಕೆ ಹೇಳಿದ್ದ ಗಳಿಗೆ 2021ರಲ್ಲಿ ಅಕ್ಟೋಬರ್ 17ರ ಮಧ್ಯಾಹ್ನ 1.11. ಮರುವರ್ಷ ಅದೇ ದಿನ ಸಂಜೆ 7.21. 2023ರಲ್ಲಿ ನಡುರಾತ್ರಿ ದಾಟಿ ಒಂದೂವರೆ ಹೊತ್ತಿಗೆ, ಅಂದರೆ ತಾರೀಕು 18 ಆಗಿಹೋಗಿತ್ತು. 2024ರಲ್ಲಿ ಮತ್ತೆ 17, ಬೆಳಗ್ಗೆ 7.40. ಕಳೆದ ವರ್ಷ, 2025ರಲ್ಲಿ, 17ರ ಮಧ್ಯಾಹ್ನ 1.44. ಪ್ರತಿ ವರ್ಷ ಸುಮಾರು ಆರು ಗಂಟೆ ಮುಂದಕ್ಕೆ ಹೋಗಿದೆ, ನೋಡಿ. ಸೂರ್ಯ ತುಲಾ ರಾಶಿಗೆ ಕಾಲಿಡುವ ಕ್ಷಣ ಅದು. ಒಂದು ಸುತ್ತು ಮುಗಿಸಿ ಮತ್ತೆ ಅಲ್ಲಿಗೇ ಬರಲು ಅವನಿಗೆ 365 ದಿನ, 6 ಗಂಟೆ, 9 ನಿಮಿಷ ಬೇಕು. ಗೋಡೆಯ ಕ್ಯಾಲೆಂಡರಿಗೆ ಆ ಆರು ಗಂಟೆಯನ್ನು ಇಡಲು ಜಾಗವಿಲ್ಲ. ನಾಲ್ಕು ವರ್ಷ ಕೂಡಿಟ್ಟುಕೊಂಡು, ಫೆಬ್ರವರಿಗೆ ಒಂದು ದಿನ ಸೇರಿಸಿ ಸಾಲ ತೀರಿಸುತ್ತದೆ. 2024ರಲ್ಲಿ ಹಿಂದಕ್ಕೆ ಬಂದದ್ದು ಅದಕ್ಕೇ. ಆದರೂ 2021ರ 1.11 ಹೋಗಿ 2025ರಲ್ಲಿ 1.44 ಆಗಿದೆ. ಆ ಒಂಬತ್ತೊಂಬತ್ತು ನಿಮಿಷದ ಚಿಲ್ಲರೆ ತೀರದೆ ಉಳಿದುಕೊಂಡಿದೆ.

ಹಾಗಾಗಿ ಸೂರ್ಯನ ಹಬ್ಬವೂ ಓಡಾಡುತ್ತದೆ. ಹೆಜ್ಜೆ ಚಿಕ್ಕದು, ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಕಕ್ಕಡ ತಿಂಗಳ 18ಕ್ಕೆ, ಆಗಸ್ಟ್ 3ರಂದು, ಮದ್ದು ಸೊಪ್ಪಿನ ಪಾಯಸ ಕುಡಿಯುತ್ತೇವಲ್ಲ, ಅದೂ ಸೂರ್ಯನ ಲೆಕ್ಕ. ಕೈಲ್ ಪೊಳ್ದ್ ಕೂಡ ಸೂರ್ಯ ಸಿಂಹಕ್ಕೆ ಬಂದ 18ನೇ ದಿನ. ನಾಡಿಂದ ನಾಡಿಗೆ ಒಂದೆರಡು ದಿನ ವ್ಯತ್ಯಾಸ ಮಾಡಿಕೊಳ್ಳುವವರಿದ್ದಾರೆ, ಅದು ಬೇರೆ ಮಾತು.

ಚಂದ್ರನ ವಿಷಯವೇ ಬೇರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಸಲ ಆದರೆ 354 ದಿನ. ಸೂರ್ಯನ ವರ್ಷಕ್ಕೆ ಇನ್ನೂ ಹನ್ನೊಂದು ದಿನ ಬಾಕಿ ಇರುವಾಗಲೇ ಚಂದ್ರನ ವರ್ಷ ಮುಗಿದುಹೋಗುತ್ತದೆ. 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಇದ್ದ ಗಣೇಶ ಚೌತಿ 2025ರಲ್ಲಿ ಆಗಸ್ಟ್ 27ಕ್ಕೆ ಬಂದದ್ದು ಈ ಹನ್ನೊಂದು ದಿನದಿಂದ. ಹೀಗೇ ಬಿಟ್ಟರೆ ಚೌತಿ ಮಳೆಗಾಲ ದಾಟಿ, ಬೇಸಿಗೆಗೆ ಹೋಗಿ, ಸುಮಾರು 33 ವರ್ಷಕ್ಕೆ ಒಂದು ಸುತ್ತು ಹಾಕಿ ವಾಪಸ್ ಬರುತ್ತಿತ್ತು. ರಂಜಾನ್ ಹಾಗೇ ಬರುತ್ತದಲ್ಲವೇ? ಅದು ಅಪ್ಪಟ ಚಂದ್ರನ ಲೆಕ್ಕ, ಸೂರ್ಯನನ್ನು ಕೇಳುವುದೇ ಇಲ್ಲ.

ನಮ್ಮ ಪಂಚಾಂಗ ಕೇಳುತ್ತದೆ. ಒಂದು ಅಮಾವಾಸ್ಯೆಯಿಂದ ಇನ್ನೊಂದರ ನಡುವೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟಬೇಕು. ದಾಟದಿದ್ದರೆ ಆ ತಿಂಗಳಿಗೆ ಸ್ವಂತ ಹೆಸರಿಲ್ಲ, ಮುಂದಿನ ತಿಂಗಳ ಹೆಸರಿಗೆ 'ಅಧಿಕ' ಸೇರಿಸಿ ಕರೆಯುತ್ತಾರೆ. ಈ ವರ್ಷವೇ, 2026ರಲ್ಲೇ, ಹಾಗಾಗಿದೆ. ಮೇ ಮಧ್ಯದಲ್ಲಿ ಸೂರ್ಯ ವೃಷಭಕ್ಕೆ ಬಂದ ಮೇಲೆ ಅಮಾವಾಸ್ಯೆ ಆಗುತ್ತದೆ. ಮುಂದಿನ ಅಮಾವಾಸ್ಯೆ ಮುಗಿಯುವುದು ಜೂನ್ 15ರ ಬೆಳಗ್ಗೆ. ಸೂರ್ಯ ಮಿಥುನಕ್ಕೆ ಹೋಗುವುದು ಅದೇ ದಿನ ಮಧ್ಯಾಹ್ನದ ಹೊತ್ತಿಗೆ. ಕೆಲವೇ ಗಂಟೆಯಲ್ಲಿ ತಪ್ಪಿತು! ಹಾಗಾಗಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅದರ ನಂತರದ ಚಾಂದ್ರಮಾನ ಹಬ್ಬಗಳೆಲ್ಲ ಒಂದು ತಿಂಗಳು ತಡ. ಚೌತಿ ಆಗಸ್ಟ್ ಬಿಟ್ಟು ಸೆಪ್ಟೆಂಬರ್ 14ಕ್ಕೆ ಜಿಗಿಯಿತು. ಹನ್ನೊಂದು ದಿನ ಹಿಂದೆ, ಹನ್ನೊಂದು ದಿನ ಹಿಂದೆ, ಆಮೇಲೆ ಒಮ್ಮೆ ಮುಂದಕ್ಕೆ ನೆಗೆತ.

ಈಗ ಹುತ್ತರಿಗೆ ಬರೋಣ. ಇಲ್ಲಿ ನನ್ನದೇ ಒಂದು ಮುಜುಗರದ ಕಥೆ ಇದೆ.

2023ರಲ್ಲಿ ಹುತ್ತರಿ ನವೆಂಬರ್ 27ಕ್ಕೆ ಇತ್ತು. ಹನ್ನೊಂದು ದಿನದ ಲೆಕ್ಕ ಆಗ ತಾನೇ ಓದಿ ತಲೆಗೆ ಹತ್ತಿತ್ತು. ಊರಾಚೆ ಕೆಲಸದಲ್ಲಿರುವ ಭಾವ ಫೋನ್ ಮಾಡಿ, ಮುಂದಿನ ವರ್ಷ ಯಾವಾಗ ಅಂತ ಕೇಳಿದ. 27ರಲ್ಲಿ 11 ಕಳೆದು, "2024ಕ್ಕೆ ನವೆಂಬರ್ 16, ಒಂದು ದಿನ ಆಚೀಚೆ" ಅಂದೆ. ಸಂಪಾದಕನ ಮಾತಲ್ಲವೇ, ಆತ ನಂಬಿ ಟಿಕೆಟ್ ಮಾಡಿಸಿದ. ನವೆಂಬರ್ 15ಕ್ಕೆ ನಿಜವಾಗಿಯೂ ಹುಣ್ಣಿಮೆ ಇತ್ತು. ಹುತ್ತರಿ ಇರಲಿಲ್ಲ. ಅದು ಬಂದದ್ದು ಡಿಸೆಂಬರ್ 14ಕ್ಕೆ. ಭಾವ ಎರಡು ದಿನ ಪಂದಿ ಕರಿ ತಿಂದು, ಒಂದು ಮಾತೂ ಆಡದೆ ವಾಪಸ್ ಹೋದ. ಆ ಮೌನ ಈಗಲೂ ಚುಚ್ಚುತ್ತದೆ.

ನಾನು ಮರೆತದ್ದು ರೋಹಿಣಿಯನ್ನು. ಹುತ್ತರಿಗೆ ಹುಣ್ಣಿಮೆ ಇದ್ದರೆ ಸಾಲದು, ಚಂದ್ರ ರೋಹಿಣಿ ನಕ್ಷತ್ರದಲ್ಲಿ ಇರಬೇಕು. ಯಾವ ತಿಂಗಳ ಹುಣ್ಣಿಮೆ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಕಾರ್ತಿಕದ್ದೂ ಆಗಬಹುದು, ಮಾರ್ಗಶಿರದ್ದೂ ಆಗಬಹುದು.

ಈ ಒಂದು ಷರತ್ತಿನ ಚಂದ ನೋಡಿ. ಹುಣ್ಣಿಮೆ ಸಂಜೆ ಅಂಗಳದಲ್ಲಿ ನಿಂತರೆ ಸೂರ್ಯ ಪಡುವಣ ಬೆಟ್ಟದ ಹಿಂದೆ ಇಳಿಯುತ್ತಾನೆ, ಚಂದ್ರ ಮೂಡಣದಲ್ಲಿ ಏಳುತ್ತಾನೆ. ಇಬ್ಬರೂ ಎದುರುಬದುರು, ನಾವು ನಡುವೆ. ಹಾಗಾದರೆ ಚಂದ್ರ ತುಂಬಿಕೊಂಡು ರೋಹಿಣಿಯಲ್ಲಿ ನಿಲ್ಲಬೇಕಾದರೆ ಸೂರ್ಯ ರೋಹಿಣಿಯ ನೇರ ಎದುರಿಗೆ ಇರಲೇಬೇಕು. ಅಂದರೆ ವೃಶ್ಚಿಕದಲ್ಲಿ, ನಮ್ಮ ಬಿರ್ಚ್ಯಾರ್ ತಿಂಗಳಲ್ಲಿ. ಸೂರ್ಯ ಆ ಜಾಗ ದಾಟುವುದು ಹೆಚ್ಚುಕಡಿಮೆ ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ ಎರಡನೇ ವಾರದೊಳಗೆ. ಚಂದ್ರನನ್ನು ಕೇಳಿದ ಹಾಗೆ ಕೇಳಿ ಸೂರ್ಯನನ್ನೂ ಕಟ್ಟಿಹಾಕಿದರು ನಮ್ಮ ಹಿರಿಯರು. ಹುತ್ತರಿಗೆ ಅಧಿಕ ಮಾಸದ ಗೊಡವೆಯೇ ಬೇಡ, ರೋಹಿಣಿಯೇ ಆ ಕೆಲಸ ಮಾಡುತ್ತಾಳೆ.

ಸೂರ್ಯ ಅಲ್ಲಿರುವುದು ಹದಿಮೂರು ದಿನ ಮಾತ್ರ, ಹುಣ್ಣಿಮೆ ಬರುವುದು ಇಪ್ಪತ್ತೊಂಬತ್ತೂವರೆ ದಿನಕ್ಕೊಮ್ಮೆ. ಆದ್ದರಿಂದ ಎರಡೂ ಸರಿಯಾಗಿ ಕೂಡದ ವರ್ಷಗಳು ಇದ್ದೇ ಇರುತ್ತವೆ. 2024ರಲ್ಲಿ ಹಾಗಾಯಿತು. ಭಾವ ಬಂದ ನವೆಂಬರ್ 15ರ ಹುಣ್ಣಿಮೆ ಸಂಜೆ ಚಂದ್ರ ಭರಣಿಯಲ್ಲಿದ್ದ, ರೋಹಿಣಿಗೆ ಇನ್ನೂ ಎರಡು ಮನೆ ದೂರ. ಡಿಸೆಂಬರಿನ ಹುಣ್ಣಿಮೆ 15ಕ್ಕೆ, ಆದರೆ ರೋಹಿಣಿ ಇದ್ದದ್ದು 14ರ ರಾತ್ರಿ. 14ನ್ನೇ ಹಿಡಿದರು. 2025ರ ಡಿಸೆಂಬರ್ 4 ಮಾತ್ರ ಬಂಗಾರದಂಥ ದಿನ. ಮಧ್ಯಾಹ್ನದ ನಂತರ ರೋಹಿಣಿ ಶುರು, ರಾತ್ರಿಯಿಡೀ ಹುಣ್ಣಿಮೆ.

ಎರಡೂ ಕೂಡದ ವರ್ಷಗಳಲ್ಲಿ ಯಾವ ದಿನ ಸರಿ ಎಂದು ತೀರ್ಮಾನಿಸುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ತಕ್ಕ ಮುಖ್ಯಸ್ಥರು, ಜ್ಯೋತಿಷಿಗಳು ಕೂತು ದಿನ ನೋಡುತ್ತಾರೆ. ಎಲೆಗಳ ನೆರೆ ಕಟ್ಟುವ ಹೊತ್ತು, ಕದಿರು ತೆಗೆಯುವ ಹೊತ್ತು, ಊಟದ ಹೊತ್ತು, ಎಲ್ಲ ಅಲ್ಲಿಂದಲೇ. ಮೊದಲು ದೇವಸ್ಥಾನಕ್ಕೆ, ಆಮೇಲೆ ನಾಡಿಗೆ, ಕೊನೆಗೆ ಉಳಿದ ಎಲ್ಲರಿಗೆ. ಅದು ಗೊತ್ತಾಗುವವರೆಗೆ ನಮ್ಮ ಕಚೇರಿಯ ಫೋನು ಸುಮ್ನೆ ಇರುವುದಿಲ್ಲ. ಅಕ್ಟೋಬರ್ ಬಂದರೆ ಸಾಕು, "ಹುತ್ತರಿ ಯಾವಾಗ ಸಾರ್?" ಕೇಳುವವರಲ್ಲಿ ಒಬ್ಬರಾದರೂ ತಲೆ ಎತ್ತಿ ಚಂದ್ರ ಎಷ್ಟು ತುಂಬಿದ್ದಾನೆ ಅಂತ ನೋಡಿದ್ದಾರಾ? ಇಲ್ಲ. ಯಾರೋ ಕಳಿಸಿದ ಮೆಸೇಜ್ ನೋಡಿರುತ್ತಾರೆ. ಅದು ಹೋದ ವರ್ಷದ್ದಾಗಿರುತ್ತದೆ.

ಒಂದು ತಾರೀಕಿಗೆ ಕಟ್ಟಿಹಾಕಿ ಅನ್ನುತ್ತೀರಿ. ಡಿಸೆಂಬರ್ 4 ಅಂತಲೇ ಇಟ್ಟುಕೊಳ್ಳಿ. ಕೆಲವು ವರ್ಷ ಆ ದಿನ ಅಮಾವಾಸ್ಯೆ. ಹುತ್ತರಿ ರಾತ್ರಿಯ ಹಬ್ಬ, ತಾಯಿ. ಮನೆಮಂದಿಯೆಲ್ಲ ಗದ್ದೆಯ ಏರಿ ಮೇಲೆ ಸಾಲಾಗಿ ಇಳಿಯಬೇಕು, ಕೋವಿ ಹಾರಿಸಬೇಕು, ಪೊಲಿ ಪೊಲಿಯೇ ದೇವಾ ಅಂತ ಕೂಗುತ್ತಾ ಕದಿರು ಕೊಯ್ಯಬೇಕು. ಕಗ್ಗತ್ತಲಲ್ಲಿ ಮೊಬೈಲ್ ಲೈಟ್ ಹಿಡಿದು ಕೊಯ್ಯೋಣವೇ?

ನವೆಂಬರಿನಲ್ಲೇ ಬಂದ ವರ್ಷ ಕೆಲವು ಗದ್ದೆಗಳಲ್ಲಿ ಭತ್ತ ಇನ್ನೂ ಹಸಿರಾಗಿರುತ್ತದೆ ಎನ್ನುವ ದೂರು ಕೇಳಿದ್ದೇನೆ. ಅದರಲ್ಲಿ ನ್ಯಾಯವಿದೆ. ಆದರೆ ನನ್ನ ದೂರು ಅದಕ್ಕಿಂತ ದೊಡ್ಡದು. ಗದ್ದೆಯೇ ಎಲ್ಲಿದೆ? ನಮ್ಮ ಮನೆಯ ಕೆಳಗಿನ ಎರಡು ಗದ್ದೆ ನಾಟಿ ಕಾಣದೆ ಹಲವು ವರ್ಷವಾಯಿತು. ಆಳು ಸಿಗಲ್ಲ, ಕಾಡುಹಂದಿ ಬಿಡಲ್ಲ ಅಂತ ನಾನೂ ಬಿಟ್ಟುಬಿಟ್ಟೆ. ಈಗ ಪಕ್ಕದ ಮನೆಯವರ ಗದ್ದೆಯಿಂದ ಕದಿರು ತರುತ್ತೇವೆ. ಅದರಾಚೆಯ ಗದ್ದೆಯಲ್ಲಿ ಹೋಂಸ್ಟೇ ಎದ್ದಿದೆ, ರಾತ್ರಿಯಿಡೀ ದೊಡ್ಡ ದೀಪ ಉರಿಯುತ್ತದೆ. ಹುಣ್ಣಿಮೆ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಇರಲಿ, ನಿಮ್ಮ ಮಗನ ರಜೆಗೆ ಬರುತ್ತೇನೆ. ಈ ಸಲ ಕಳೆಯುವ ಲೆಕ್ಕ ಮಾಡಿಲ್ಲ, ಆಣೆ. 2026ರ ನವೆಂಬರ್ 24ಕ್ಕೆ ಹುಣ್ಣಿಮೆ, ಅದು ರೋಹಿಣಿಯ ಹೊಸ್ತಿಲಲ್ಲೇ ಬೀಳುತ್ತದೆ. ಮುಂದಿನ ಹುಣ್ಣಿಮೆ ಡಿಸೆಂಬರ್ ಕೊನೆಗೆ ಹೋಗುತ್ತದೆ, ಅಷ್ಟರಲ್ಲಿ ಚಂದ್ರ ರೋಹಿಣಿ ದಾಟಿ ಆರಿದ್ರೆಗೆ ಹೋಗಿರುತ್ತಾನೆ. ಆದ್ದರಿಂದ ನವೆಂಬರ್ 24ರ ಆ ವಾರಕ್ಕೆ ರಜೆ ಬರೆದಿಡಲಿ, ಪಾಡಿಯಿಂದ ದಿನ ಬಂದ ಮೇಲೆ ಒಂದು ದಿನ ಆಚೀಚೆ ತಿದ್ದಿಕೊಳ್ಳಲಿ. ಸೊಸೆಗೆ ಏರಿ ಮೇಲೆ ನಡೆದು ಅಭ್ಯಾಸವಿಲ್ಲದಿದ್ದರೆ ಟಾರ್ಚ್ ತರಲಿ, ತಪ್ಪಿಲ್ಲ. ಗದ್ದೆಗೆ ಇಳಿದ ಮೇಲೆ ಒಂದು ನಿಮಿಷ ಆರಿಸಿ ಮೇಲೆ ನೋಡಲು ಹೇಳಿ. ಚಂದ್ರನ ಹತ್ತಿರ ಕೆಂಪಗೆ ಒಂದು ನಕ್ಷತ್ರ ಕಾಣುತ್ತದೆ, ಅದೇ ರೋಹಿಣಿ. ಹೋಂಸ್ಟೇಯವರು ದೀಪ ಆರಿಸಿದ್ದರೆ.

— ಸಂಪಾದಕ