ತಿಂಗಳ ಸಂಬಳ ಇಲ್ಲದವರ ಮನೆ ಸಾಲದ ಫೈಲ್

"ದಾವಣಗೆರೆಯಲ್ಲಿ ಇಂಟೀರಿಯರ್ ಕೆಲಸ ಕಾಂಟ್ರಾಕ್ಟ್ ಹಿಡಿದು ಮಾಡಿಸ್ತೀನಿ. ಒಂದು ತಿಂಗಳು 6 ಲಕ್ಷ ಬರುತ್ತೆ, ಮುಂದಿನ ತಿಂಗಳು ಏನೂ ಇರಲ್ಲ. ವರ್ಷಕ್ಕೆ ಸುಮಾರು 40 ಲಕ್ಷದ ಬಿಲ್ ಆಗುತ್ತೆ. ಕಳೆದೆರಡು ಐಟಿಆರ್‌ನಲ್ಲಿ 4.6 ಮತ್ತು 4.9 ಲಕ್ಷ ಆದಾಯ ತೋರಿಸಿದೀನಿ. ಮೆಷಿನ್ ಲೋನ್ ಕಂತು 6,000 ಇದೆ. 30 ಲಕ್ಷ ಮನೆ ಸಾಲ ಬೇಕು. ಫೈಲ್ ಹೇಗೆ ರೆಡಿ ಮಾಡಬೇಕು?"

ಹೌಸಿಂಗ್ ಫೈನಾನ್ಸ್ ಕಂಪನಿಯೊಂದರಲ್ಲಿ ಸ್ವಂತ ವ್ಯವಹಾರದವರ ಫೈಲ್ ನೋಡುವ ಕೆಲಸದಲ್ಲಿದ್ದೆ. ಈಗ ಹೊರಗಿನಿಂದ ಅಂಥವೇ ಫೈಲ್ ಮಾಡಿಸಿಕೊಡುತ್ತೇನೆ. ನೀವು ಏರುಪೇರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡಿದ್ದೀರಿ. ಕಾಂಟ್ರಾಕ್ಟರ್‌ಗೆ ಪ್ರತಿ ತಿಂಗಳು ಒಂದೇ ಥರ ದುಡ್ಡು ಬರಲ್ಲ ಅಂತ ಫೈಲ್ ನೋಡುವವರಿಗೂ ಗೊತ್ತು. ಅವರು ನೋಡುವುದು ವರ್ಷದ ಲೆಕ್ಕ. ನಿಮಗೆ ಅಡ್ಡ ಬರುವುದು ಐಟಿಆರ್‌ನಲ್ಲಿರುವ ಆದಾಯ.

ಅವರು ಹಾಕುವ ಲೆಕ್ಕ ನೋಡಿ. ಎರಡು ವರ್ಷದ ಸರಾಸರಿ 4.75 ಲಕ್ಷ, ಅಂದರೆ ತಿಂಗಳಿಗೆ ಸುಮಾರು 39,600. ಅದರಲ್ಲಿ ಎಲ್ಲಾ ಕಂತುಗಳಿಗೂ ಸೇರಿ ಅರ್ಧ ಹೋಗಬಹುದು ಅಂತ ಇಟ್ಟುಕೊಳ್ಳೋಣ (ಕೆಲವರು ಸ್ವಲ್ಪ ಜಾಸ್ತಿ ಬಿಡುತ್ತಾರೆ). 19,800 ಆಯಿತು. ಮೆಷಿನ್ ಲೋನ್ ಕಳೆದರೆ ಉಳಿಯುವುದು 13,800. 9% ಬಡ್ಡಿ, 20 ವರ್ಷ ಅಂದರೆ ಒಂದು ಲಕ್ಷಕ್ಕೆ ಹತ್ತತ್ತಿರ 900 ರೂಪಾಯಿ ಕಂತು. ಹಾಗಾಗಿ ಈಗಿನ ಕಾಗದದ ಮೇಲೆ ಸಿಗುವುದು 15 ಲಕ್ಷದ ಆಸುಪಾಸು. ಫೈಲ್ ಎಷ್ಟೇ ಚೆಂದ ಜೋಡಿಸಿದರೂ ಇದು 30 ಆಗಲ್ಲ.

ಹಾಗಾದರೆ ಆದಾಯ ಯಾಕೆ 4.9 ಲಕ್ಷಕ್ಕೇ ನಿಂತಿದೆ? ನನ್ನ ಊಹೆ, ನೀವು 44ಎಡಿ ಕೆಳಗೆ, ಅಂದರೆ ಸಣ್ಣ ವ್ಯವಹಾರದವರು ವಹಿವಾಟಿನ ಇಷ್ಟು ಶೇಕಡಾ ಲಾಭ ಅಂತ ಅಂದಾಜಿನಲ್ಲಿ ತೋರಿಸುವ ಸೆಕ್ಷನ್ ಕೆಳಗೆ, ರಿಟರ್ನ್ ಹಾಕುತ್ತೀರಿ, 5 ಲಕ್ಷ ದಾಟಿದರೆ ತೆರಿಗೆ ಬೀಳುತ್ತೆ ಅನ್ನೋ ಹಳೇ ಲೆಕ್ಕ ಇನ್ನೂ ನಡೆಯುತ್ತಿದೆ. 44ಎಡಿಯಲ್ಲಿ ಬ್ಯಾಂಕ್ ಮೂಲಕ ಬಂದದ್ದಕ್ಕೆ 6%, ನಗದಿಗೆ 8% ಲಾಭ ಅನ್ನುವುದು ಕನಿಷ್ಠ ಮಿತಿ ಅಷ್ಟೇ. ನಿಜವಾದ ಲಾಭ ಜಾಸ್ತಿ ಇದ್ದರೆ ಅದನ್ನೇ ತೋರಿಸಬೇಕು. 2025-26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಅಂದಮೇಲೆ ಸಾಮಾನು, ಕೂಲಿ ಎಲ್ಲಾ ಕಳೆದು ನಿಮಗೆ ನಿಜವಾಗಿ 9 ಲಕ್ಷ ಉಳಿಯುತ್ತಿದ್ದರೆ, ಅದನ್ನು 4.9 ಅಂತ ತೋರಿಸಿ ಉಳಿಸುವುದೇನೂ ಇಲ್ಲ. ಸಾಲ ಮಾತ್ರ ಕೈ ತಪ್ಪುತ್ತದೆ. ಹಳೇ ಪದ್ಧತಿ ಆಯ್ದುಕೊಂಡಿದ್ದರೆ ಬದಲಿಸುವ ಬಗ್ಗೆ ಆಡಿಟರ್ ಹತ್ತಿರ ಮಾತಾಡಿ.

ಮುಂದಿನ ಐಟಿಆರ್ 9 ಲಕ್ಷ ಅಂತಿಟ್ಟುಕೊಳ್ಳಿ. 4.9 ಮತ್ತು 9ರ ಸರಾಸರಿ 6.95 ಲಕ್ಷ, ತಿಂಗಳಿಗೆ 57,900. ಅರ್ಧ 28,950. ಮೆಷಿನ್ ಲೋನ್ ಹಾಗೇ ಇದ್ದರೆ ಸುಮಾರು 25 ಲಕ್ಷ, ಅದನ್ನು ತೀರಿಸಿದರೆ 32 ಲಕ್ಷದ ಹತ್ತಿರ. ಬರೀ 6,000 ರೂಪಾಯಿಯ ಕಂತು ಆರೂವರೆ ಲಕ್ಷದಷ್ಟು ಮನೆ ಸಾಲವನ್ನು ತಿನ್ನುತ್ತಿದೆ, ಗಮನಿಸಿದಿರಾ? ಬಾಕಿ ಕಮ್ಮಿ ಇದ್ದರೆ ಮೊದಲು ಅದನ್ನು ಮುಗಿಸಿ, ಎನ್‌ಒಸಿ ತಗೊಳ್ಳಿ. ಸಿಬಿಲ್‌ನಲ್ಲಿ ಅದು 'ಕ್ಲೋಸ್ಡ್' ಅಂತ ಬಂದಮೇಲೆ ಅರ್ಜಿ ಹಾಕಿ. ಮನೆಯವರಿಗೆ ಸಂಬಳದ ಕೆಲಸ ಇದ್ದರೆ ಅವರನ್ನೂ ಜಂಟಿ ಅರ್ಜಿದಾರರಾಗಿ ಸೇರಿಸಿ, ಆ ಆದಾಯವೂ ಲೆಕ್ಕಕ್ಕೆ ಬರುತ್ತದೆ.

4.9ರಿಂದ 9ಕ್ಕೆ ಹಾರಿದರೆ ಪ್ರಶ್ನೆ ಬರುವುದು ಖಂಡಿತ. ಕೆಲವು ಕಡೆ ಎರಡು ವರ್ಷದ ನಡುವಿನ ಏರಿಕೆಗೇ ಮಿತಿ ಇರುತ್ತದೆ, ಪೂರ್ತಿ 9 ಲಕ್ಷ ಹಿಡಿಯಲ್ಲ. ಅದಕ್ಕೇ ಉಳಿದ ಕಾಗದಗಳು ಆ ಅಂಕಿಯ ಪರವಾಗಿ ನಿಲ್ಲಬೇಕು. ಐಟಿಆರ್, ಜಿಎಸ್‌ಟಿ ರಿಟರ್ನ್, ನಿಮ್ಮ ಹೆಸರಲ್ಲಿ ಹಿಡಿದ ಟಿಡಿಎಸ್ ತೋರಿಸುವ 26ಎಎಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಈ ನಾಲ್ಕನ್ನೂ ಅವರು ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಇಲ್ಲೇ ಒಳ್ಳೆಯ ಫೈಲ್‌ಗಳೂ ಸಿಕ್ಕಿಹಾಕಿಕೊಳ್ಳುವುದು. ನೀವು ಒಬ್ಬ ಬಿಲ್ಡರ್‌ಗೆ ವಾರ್ಡ್‌ರೋಬ್ ಕೆಲಸಕ್ಕೆ 3,00,000 ಬಿಲ್ ಮಾಡಿದಿರಿ ಅನ್ನಿ. ಜಿಎಸ್‌ಟಿ 18% ಸೇರಿ 3,54,000. ಬಿಲ್ಡರ್ ಕಂಪನಿ ಮೂರು ಲಕ್ಷದ ಮೇಲೆ 1% ಟಿಡಿಎಸ್, ಅಂದರೆ 3,000 ಹಿಡಿದುಕೊಂಡು ಉಳಿದದ್ದು ಕಳಿಸುತ್ತದೆ. ಜಿಎಸ್‌ಟಿ ರಿಟರ್ನ್‌ನಲ್ಲಿ ಕೆಲಸದ ಮೌಲ್ಯ 3,00,000, 26ಎಎಸ್‌ನಲ್ಲೂ 3,00,000. ನಿಮ್ಮ ಖಾತೆಗೆ ಬಂದದ್ದು 3,51,000. ಅಡ್ವಾನ್ಸ್ ಮಾರ್ಚ್‌ನಲ್ಲಿ ಬಂದು ಬಿಲ್ ಮೇ ತಿಂಗಳಲ್ಲಿ ಆಗಿದ್ದರೆ ವರ್ಷವೂ ಬೇರೆಯಾಗುತ್ತದೆ. ಯಾವುದೂ ಸುಳ್ಳಲ್ಲ, ಆದರೆ ಗೊತ್ತಿಲ್ಲದವರ ಕಣ್ಣಿಗೆ ಒಂದಕ್ಕೊಂದು ತಾಳೆಯಾಗದ ಅಂಕಿಗಳು.

ಅದಕ್ಕೆ ನಾನು ಪ್ರತಿ ಫೈಲ್‌ಗೂ ಒಂದು ಹಾಳೆ ಮಾಡಿಸುತ್ತೇನೆ. ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ದೊಡ್ಡ ಜಮೆ ಒಂದೊಂದಕ್ಕೂ ಒಂದು ಸಾಲು: ದಿನಾಂಕ, ಬಂದ ಮೊತ್ತ, ಯಾರಿಂದ, ಬಿಲ್ ನಂಬರ್, ಅದರಲ್ಲಿ ಜಿಎಸ್‌ಟಿ ಎಷ್ಟು, ಟಿಡಿಎಸ್ ಎಷ್ಟು, ಅಡ್ವಾನ್ಸೋ ಕೊನೆಯ ಕಂತೋ. ಕೊನೆಗೆ ಒಟ್ಟು. ನಿಮ್ಮದೇ ಇನ್ನೊಂದು ಖಾತೆಯಿಂದ ಬಂದದ್ದು, ಕೈಸಾಲ ವಾಪಸ್ ಬಂದದ್ದು, ಇವನ್ನೆಲ್ಲ ನೀವೇ ಬೇರೆ ಮಾಡಿ ತೋರಿಸಿ. ಹೇಗೂ ಅವರು ಕಳೆಯುತ್ತಾರೆ, ಮೊದಲೇ ಹೇಳಿದರೆ ಉಳಿದದ್ದನ್ನು ನಂಬುತ್ತಾರೆ. ಖಾಲಿ ತಿಂಗಳುಗಳಿಗೂ ಒಂದು ಸಾಲು ಬರೆಯಿರಿ: ಆ ತಿಂಗಳು ಯಾವ ಸೈಟ್‌ನಲ್ಲಿ ಕೆಲಸ ನಡೆಯುತ್ತಿತ್ತು, ಅದರ ದುಡ್ಡು ಯಾವಾಗ ಬಂತು. ನಿಮ್ಮ ಏರುಪೇರಿಗೆ ಉತ್ತರ ಆ ಹಾಳೆಯಲ್ಲೇ ಸಿಕ್ಕಿಬಿಡುತ್ತದೆ.

ಅರ್ಜಿಗೆ ಸ್ವಲ್ಪ ಮೊದಲು ಸುಮ್ನೆ ನಗದು ತಂದು ಖಾತೆಗೆ ತುಂಬಬೇಡಿ. ಬಿಲ್ ಇಲ್ಲದ ಜಮೆ ಆದಾಯ ಅನ್ನಿಸಿಕೊಳ್ಳಲ್ಲ, ಅನುಮಾನ ಮಾತ್ರ ಹುಟ್ಟಿಸುತ್ತದೆ. ಕಂತು ಬೌನ್ಸ್ ಆದ ಸಾಲೊಂದು ಸ್ಟೇಟ್‌ಮೆಂಟ್‌ನಲ್ಲಿದ್ದರೆ ಅದು ಖಾಲಿ ತಿಂಗಳಿಗಿಂತ ಕೆಟ್ಟದಾಗಿ ಕಾಣುತ್ತದೆ. ಹಾಗೇ, "ಎರಡು ವರ್ಷದ ಐಟಿಆರ್ ಒಟ್ಟಿಗೆ ಹೆಚ್ಚು ಮಾಡಿ ಹಾಕಿಕೊಡ್ತೀನಿ" ಅನ್ನುವವರು ಸಿಗುತ್ತಾರೆ. ಅಕ್ನಾಲೆಜ್‌ಮೆಂಟ್ ಮೇಲೆ ಹಾಕಿದ ದಿನಾಂಕ ಇರುತ್ತದೆ. ಎರಡೂ ಒಂದೇ ವಾರದಲ್ಲಿ ಹಾಕಿದ್ದು ಅಂತ ಕಂಡರೆ ಫೈಲ್ ಅಲ್ಲೇ ನಿಲ್ಲುತ್ತದೆ.

ಮುಂದಿನ ಐಟಿಆರ್‌ವರೆಗೆ ಕಾಯಲು ಆಗಲ್ಲ ಅಂದರೆ ಇನ್ನೊಂದು ದಾರಿ ಇದೆ. ಕೆಲವು ಬ್ಯಾಂಕ್ ಮತ್ತು ಹೌಸಿಂಗ್ ಫೈನಾನ್ಸ್ ಕಂಪನಿಗಳು ಐಟಿಆರ್ ಬದಲು ಖಾತೆಯ ಸರಾಸರಿ ಬ್ಯಾಲೆನ್ಸ್ ಮೇಲೆ, ಇಲ್ಲವೇ ಜಿಎಸ್‌ಟಿ ವಹಿವಾಟಿನ ಮೇಲೆ ಸಾಲ ಕೊಡುತ್ತವೆ. ಬ್ಯಾಲೆನ್ಸ್ ಯೋಜನೆಯಲ್ಲಿ ಪ್ರತಿ ತಿಂಗಳು 5, 15, 25ರಂಥ ಗೊತ್ತಾದ ತಾರೀಕುಗಳಂದು ಖಾತೆಯಲ್ಲಿ ಎಷ್ಟಿತ್ತು ಅಂತ ವರ್ಷವಿಡೀ ನೋಡಿ ಸರಾಸರಿ ತೆಗೆಯುತ್ತಾರೆ. ದುಡ್ಡು ಬಂದ ದಿನವೇ ಪ್ಲೈವುಡ್ ಅಂಗಡಿಗೂ ಬಡಗಿಗಳಿಗೂ ಪೂರ್ತಿ ಹಂಚಿಬಿಡುವವರಿಗೆ ಇದರಲ್ಲಿ ಏನೂ ಸಿಗಲ್ಲ. ಬಡ್ಡಿಯೂ ಸಾಮಾನ್ಯವಾಗಿ ಜಾಸ್ತಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಕಾಯುತ್ತಿದ್ದೆ.

ಫೈಲ್ ಒಳಗೆ ಹೋದಮೇಲೆ ಪಿಡಿಗೆ, ಅಂದರೆ ಪರ್ಸನಲ್ ಡಿಸ್ಕಷನ್‌ಗೆ ಅಂತ ಒಬ್ಬರು ನಿಮ್ಮ ವರ್ಕ್‌ಶಾಪ್‌ಗೆ ಬರುತ್ತಾರೆ, ಇಲ್ಲ ಫೋನ್ ಮಾಡುತ್ತಾರೆ. ಎಷ್ಟು ಜನ ಕೆಲಸಕ್ಕಿದ್ದಾರೆ, ದಿನಗೂಲಿ ಎಷ್ಟು, ಪ್ಲೈ ಯಾರ ಹತ್ತಿರ ತರುತ್ತೀರಿ, ಈಗ ಎಷ್ಟು ಸೈಟ್ ನಡೆಯುತ್ತಿದೆ ಅಂತ ಕೇಳುತ್ತಾರೆ. ಮಾತು ಕಾಗದದ ಜೊತೆ ಕೂಡಬೇಕು, ಅಷ್ಟೇ. "ಹತ್ತು ಜನ ಖಾಯಂ ಇದ್ದಾರೆ" ಅಂತ ದೊಡ್ಡಸ್ತಿಕೆಗೆ ಹೇಳಿದರೆ ಅವರು ಆ ಕೂಲಿಯನ್ನು ನಿಮ್ಮ ಲಾಭದಿಂದ ಕಳೆದು ನೋಡುತ್ತಾರೆ.

ಇನ್ನೊಂದು. ಒಂದೇ ಸಲ ನಾಲ್ಕು ಕಡೆ ಅರ್ಜಿ ಹಾಕಬೇಡಿ, ಪ್ರತಿಯೊಂದು ವಿಚಾರಣೆಯೂ ಸಿಬಿಲ್‌ನಲ್ಲಿ ದಾಖಲಾಗುತ್ತದೆ. ಒಂದು ಕಡೆ ಬೇಡ ಅಂದರೆ ಆದಾಯ ಸಾಲದಾಯಿತೋ, ದಾಖಲೆ ತಾಳೆಯಾಗಲಿಲ್ಲವೋ, ಆಸ್ತಿಯ ಕಾಗದದಲ್ಲೇ ತೊಂದರೆಯೋ ಅಂತ ಕೇಳಿ ತಿಳಿದುಕೊಳ್ಳಿ. ಮೊದಲ ಎರಡಾದರೆ ಸರಿ ಮಾಡಿ ಇನ್ನೊಂದು ಕಡೆ ಹಾಕಬಹುದು. ಮೂರನೆಯದಾದರೆ ಆ ಮನೆಗೆ ಅಡ್ವಾನ್ಸ್ ಕೊಡುವ ಮೊದಲು ವಕೀಲರಿಗೆ ತೋರಿಸಿ.