ಐಸೋರಿದಮ್: ಸ್ವರಗಳದೊಂದು ಸಾಲು, ಅವಧಿಗಳದೊಂದು ಸಾಲು

ಪ್ರಶ್ನೆ: 14ನೆಯ ಶತಮಾನದ ಫ್ರೆಂಚ್ ಸಂಗೀತದಲ್ಲಿ ಸ್ವರ ಬೇರೆ, ಲಯ ಬೇರೆ ಎಂದು ರಚಿಸುತ್ತಿದ್ದರಂತೆ. ಅದು ಹೇಗೆ? ನಮ್ಮ ತಾಳದ ಹಾಗೆಯೇ?

ತಾಳವಲ್ಲ. ತಾಳವು ಎಣಿಕೆಯ ಆವರ್ತವಷ್ಟೆ. ಅದರೊಳಗೆ ಸ್ವರಗಳು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಅದು ವಿಧಿಸುವುದಿಲ್ಲ. ಆರ್ಸ್ ನೋವಾ ಎಂದು ಕರೆಯಲಾಗುವ ಆ ಕಾಲದ ಫ್ರೆಂಚ್ ಸಂಗೀತದ ಮೋಟೆಟ್‌ಗಳಲ್ಲಿ, ಎಂದರೆ ಹಲವು ದನಿಗಳು ಬೇರೆ ಬೇರೆ ಸಾಲುಗಳನ್ನು ಒಟ್ಟಿಗೆ ಹಾಡುವ ರಚನೆಗಳಲ್ಲಿ, ಮರುಕಳಿಸುತ್ತಿದ್ದುದು ಪ್ರತಿ ಸ್ವರದ ಅವಧಿಯನ್ನೂ ನಡುವಿನ ಮೌನವನ್ನೂ ಮೊದಲೇ ಗೊತ್ತುಪಡಿಸಿದ ಸಾಲು. ಇದನ್ನು ತಾಲೆಯಾ ಎನ್ನುತ್ತಿದ್ದರು. ಸ್ವರಗಳ ಸಾಲಿಗೆ ಕೊಲೊರ್ ಎಂಬ ಹೆಸರಿತ್ತು. ಹೀಗೆ ಅವಧಿಗಳ ಸಾಲನ್ನು ಸ್ವರಗಳ ಸಾಲಿನಿಂದ ಬೇರೆಯಾಗಿ ಮರುಕಳಿಸುವ ವಿಧಾನವನ್ನೇ ಇಂದು ಐಸೋರಿದಮ್ ಎನ್ನುತ್ತಾರೆ. ಸಾಮಾನ್ಯವಾಗಿ ಚರ್ಚಿನ ಗಾನದಿಂದ ಒಂದು ತುಣುಕನ್ನು ಆರಿಸಿ, ಅದರ ಮೂಲ ನಡೆಯನ್ನು ಕಳಚಿ, ಬರಿಯ ಸ್ವರಕ್ರಮವನ್ನು ಮಾತ್ರ ಟೆನರ್ ಎಂಬ ಕೆಳದನಿಗೆ ಕೊಡುತ್ತಿದ್ದರು.

ಆ ಕಾಲದ ರಚನಕಾರ ಫಿಲಿಪ್ ದ ವಿತ್ರಿಯದೆಂದು ಹೇಳಲಾಗುವ 'ಗಾರಿತ್ ಗಾಲುಸ್' ಮೋಟೆಟ್ಟನ್ನು ನೋಡಿ. ಅದರ ಟೆನರ್‌ನಲ್ಲಿ ಕೊಲೊರ್ 36 ಸ್ವರಗಳದು, ತಾಲೆಯಾ 12 ಸ್ವರಗಳದು. ಹೀಗಾಗಿ ಮೂರು ತಾಲೆಯಾ ಮುಗಿಯುವಾಗ ಒಂದು ಕೊಲೊರ್ ಮುಗಿಯುತ್ತದೆ. ಕೊಲೊರ್ ಎರಡು ಸಲ ಬರುವುದರಿಂದ ಒಟ್ಟು ಆರು ತಾಲೆಯಾ. ಇಲ್ಲಿ ಭಾಗಾಕಾರ ಸರಿಹೊಂದುವುದರಿಂದ ಎರಡನೆಯ ಸುತ್ತಿನಲ್ಲಿಯೂ ಪ್ರತಿ ಸ್ವರಕ್ಕೆ ಹಳೆಯ ಅವಧಿಯೇ ಸಿಗುತ್ತದೆ. ಕೊಲೊರ್ 18 ಸ್ವರಗಳದ್ದಾಗಿದ್ದರೆ ಮಾತು ಬೇರೆ: ಎರಡನೆಯ ಸುತ್ತಿನ ಮೊದಲ ಸ್ವರಕ್ಕೆ ತಾಲೆಯಾದ ಏಳನೆಯ ಅವಧಿ ಬೀಳುತ್ತದೆ, ಅದೇ ರಾಗಪಂಕ್ತಿ ಬೇರೆ ನಡೆಯಲ್ಲಿ ಕೇಳುತ್ತದೆ, 36 ಸ್ವರಗಳಾದ ಮೇಲಷ್ಟೇ ಎರಡೂ ಸಾಲುಗಳು ಒಟ್ಟಿಗೆ ಆರಂಭಕ್ಕೆ ಮರಳುತ್ತವೆ. ಎರಡು ಸಾಲುಗಳನ್ನು ಬೇರ್ಪಡಿಸಿದ್ದರ ನಿಜವಾದ ಲಾಭ ನನಗೆ ಕಾಣುವುದು ಇಲ್ಲಿಯೇ.

ಇಷ್ಟು ನಿಖರವಾಗಿ ಅವಧಿಗಳನ್ನು ಬರೆಯಲು ಹೊಸ ಲಿಪಿ ಬೇಕಿತ್ತು; 1320ರ ಆಸುಪಾಸಿನ ಸಿದ್ಧಾಂತ ಗ್ರಂಥಗಳು ಒದಗಿಸಿದ್ದು ಅದನ್ನೇ. ಹಳೆಯ ಪದ್ಧತಿ ಮೂರರ ವಿಭಜನೆಗೇ ಹೆಚ್ಚಾಗಿ ಒಲಿದಿದ್ದರೆ, ಇಲ್ಲಿ ಎರಡರ ವಿಭಜನೆಗೂ ಸಮಾನ ಸ್ಥಾನ ದೊರೆಯಿತು. ಮೇಲಿನ ಮೋಟೆಟ್‌ನ ತಾಲೆಯಾದಲ್ಲಿ ನಡುವಿನ ಕೆಲವು ಸ್ವರಗಳನ್ನು ಕೆಂಪು ಶಾಯಿಯಲ್ಲಿ ಬರೆಯಲಾಗಿದೆ: ಲಾಂಗಾ ಎಂಬುದು ದೀರ್ಘ ಅವಧಿಯ ಸ್ವರಚಿಹ್ನೆ, ಬ್ರೀವ್ ಅದಕ್ಕಿಂತ ಚಿಕ್ಕದು; ಮೂರು ಬ್ರೀವ್‌ಗಳಷ್ಟು ಬಾಳಬೇಕಾದ ಲಾಂಗಾ, ಕೆಂಪಾಗಿದ್ದರೆ ಎರಡೇ ಬ್ರೀವ್ ಬಾಳುತ್ತದೆ.

ಅದೇ ಶತಮಾನದ ರಚನಕಾರ ಗಿಯೋಮ್ ದ ಮಾಶೋ ಚರ್ಚಿನ ಪೂಜೆಗೆ ರಚಿಸಿದ ಮಾಸ್‌ನಲ್ಲಿ, ಕಿರಿಯೆ ಎಂಬ ಪ್ರಾರ್ಥನೆಯ ಮೊದಲ ಭಾಗದ ಲೆಕ್ಕ ಇನ್ನೂ ಸರಳ: 28 ಸ್ವರಗಳ ಗಾನಕ್ಕೆ ನಾಲ್ಕು ಸ್ವರಗಳ ತಾಲೆಯಾ ಏಳು ಸಲ.

ಕೇಳುವಾಗ ಇದು ತಿಳಿಯುತ್ತದೆಯೇ? ಟೆನರ್ ಬಹಳ ನಿಧಾನವಾಗಿ ಸಾಗುವುದರಿಂದ ಅದನ್ನೇ ಹಿಂಬಾಲಿಸಿ ತಾಲೆಯಾವನ್ನು ಗುರುತಿಸುವುದು ಕಷ್ಟ. ಆದರೆ ಹಲವು ಮೋಟೆಟ್‌ಗಳಲ್ಲಿ ತಾಲೆಯಾ ಮುಗಿಯುವ ಹೊತ್ತಿಗೆ ಮೇಲಿನ ದನಿಗಳೂ ಒಂದೇ ಬಗೆಯ ಲಯಕ್ಕೆ ಬರುತ್ತವೆ. ಒಂದು ದನಿ ಹಾಡುವಾಗ ಇನ್ನೊಂದು ಸುಮ್ಮನಾಗುವ ಹಾಕೆಟ್ ಎಂಬ ತುಂಡು ತುಂಡಾದ ನಡೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಎದುರಾದರೆ, ಕೆಳಗೆ ತಾಲೆಯಾ ತಿರುಗುತ್ತಿದೆಯೆಂದು ಊಹಿಸಬಹುದು.