ಇಬ್ಬರಿಗೂ ಒಂದೇ ಪೆನ್ನು

*ಮಾನ್ಯ ಸಂಪಾದಕರೇ, ನನಗೆ ಒಬ್ಬಳು ಅಕ್ಕ, ಒಬ್ಬಳು ತಂಗಿ. ಅಪ್ಪ ಇರುವವರೆಗೂ ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಬಾಗಿನ, ಒಂದು ಸಾಧಾರಣ ಸೀರೆ, 500 ರೂಪಾಯಿ ಕೊಟ್ಟು ಬರುತ್ತಿದ್ದರು. ಅಪ್ಪ ಹೋದ ಮೇಲೆ ತಂಗಿಯ ಮದುವೆ ನಾನೇ ಮಾಡಿದೆ. ಅವಳ ಮೊದಲ ಗೌರಿಗೆ ರೇಷ್ಮೆ ಸೀರೆ, ಬೆಳ್ಳಿ ಕುಂಕುಮದ ಬಟ್ಟಲು ಎಲ್ಲ ಸೇರಿ 15,000 ಆಯಿತು. ಮರುವರ್ಷ 6,000ಕ್ಕೆ ಇಳಿಸಿದ್ದಕ್ಕೆ ಮುಖ ಸಪ್ಪಗೆ ಮಾಡಿದಳು. ಅಕ್ಕನಿಗೆ ಆ ಸಲ 2,000ದಲ್ಲಿ ಮುಗಿಸಿದ್ದೆ. ಅವಳು, "ಪೌತಿ ಖಾತೆಗೆ ಸಹಿ ಹಾಕಿಸುವಾಗ ಇಬ್ಬರಿಗೂ ಒಂದೇ ಪೆನ್ನು ಕೊಟ್ಟಿದ್ದೆಯಲ್ಲೋ" ಅಂದಳು. ನನ್ನ ಸಂಬಳ 28,000. ಯಾರಿಗೆ ಎಷ್ಟು ಕೊಟ್ಟರೆ ಸರಿ?*
*— ಓದುಗ, ತುಮಕೂರು ಜಿಲ್ಲೆ*

ನಿಮ್ಮ ಪತ್ರದ ಲೆಕ್ಕವೆಲ್ಲ ಒಂದು ತೂಕವಾದರೆ ಅಕ್ಕನ ಆ ಪೆನ್ನಿನ ಮಾತೇ ಒಂದು ತೂಕ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ತಂಗಿಯ ಸಪ್ಪೆ ಮುಖ.

ಮೊದಲ ಗೌರಿಯ ಖರ್ಚನ್ನು ನಮ್ಮಮ್ಮ ಮದುವೆಯ ಲೆಕ್ಕಕ್ಕೇ ಸೇರಿಸುತ್ತಿದ್ದಳು. ಆಷಾಢಕ್ಕೆ ಮಗಳನ್ನು ಕರೆತರುವುದು, ಭಾದ್ರಪದದ ತದಿಗೆಗೆ ಬಾಗಿನ, ದೀಪಾವಳಿಗೆ ಹೊಸ ಅಳಿಯನನ್ನು ಕರೆಯುವುದು, ಈ ಒಂದು ವರ್ಷದ ಸುತ್ತು ಮುಗಿದರೆ ಮದುವೆ ಮುಗಿದ ಹಾಗೆ. ಎರಡನೇ ವರ್ಷದಿಂದ ಮೊರ, ರವಿಕೆ ಕಣ, ಕೈಲಾದ ಸೀರೆ. ಆಗ ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ, ಎರಡೂ ಮನೆಗೆ ಗೊತ್ತಿರುತ್ತಿತ್ತು. ಈಗ ಹೇಳಬೇಕು. ನೀವು ಹೇಳದೆ ಇಳಿಸಿದಿರಿ. ಹೇಳದೆ ಇಳಿಸಿದರೆ 15,000ವೇ ವಾಡಿಕೆ, 6,000 ಅಂದರೆ ಅಣ್ಣನ ಮನಸ್ಸು ಚಿಕ್ಕದಾಯಿತು ಎಂದು ಕಾಣುತ್ತದೆ.

ಆದರೂ ಆ ಸಪ್ಪೆ ಮುಖ ನಿಮ್ಮ ತಂಗಿಯದೇ ಎಂದು ನನಗೆ ಖಾತ್ರಿಯಿಲ್ಲ. ನನ್ನ ಎರಡನೇ ಗೌರಿಗೆ ಅಣ್ಣ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಬಿಳಿ ಪಂಚೆಗೆಲ್ಲ ಅರಿಶಿನ. ಊಟ ಮಾಡಿ ಅವನು ಹೊರಟ ಮೇಲೆ ಅತ್ತೆ ನಡುಮನೆಯಲ್ಲಿ, ಪಕ್ಕದ ಮನೆಯವರ ಎದುರಿಗೇ ಮೇಲಿನ ಮೊರ ಎತ್ತಿದರು. ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ಕಪ್ಪು ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ ಎಲ್ಲ ಇದ್ದವು. ಅವರು ಅದ್ಯಾವುದನ್ನೂ ಮುಟ್ಟಲಿಲ್ಲ. ಸೀರೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಮ್ಮೆ ಉಜ್ಜಿ ಕೆಳಗಿಟ್ಟರು, ಅಷ್ಟೇ. ಓರಗಿತ್ತಿಯ ತವರಿನಿಂದ ಬಂದದ್ದು ಪಕ್ಕದಲ್ಲೇ ಇತ್ತು. ಮುಂದಿನ ವರ್ಷ ನಾನೇ ಕೂಡಿಟ್ಟ ದುಡ್ಡಿನಲ್ಲಿ ಒಂದು ಸೀರೆ ತಂದು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದು, ಅಣ್ಣ ಬಂದ ದಿನ ಮೊರದ ಮೇಲಿಟ್ಟೆ. ಇದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೀಗೆ ತವರಿನ ಮಾನಕ್ಕೆ ಕೈಯಿಂದ ಹಾಕಿದ ಹೆಂಗಸರು ನನ್ನೊಬ್ಬಳೇ ಅಲ್ಲ, ಈ ಪತ್ರಿಕೆಗೆ ಬರುವ ಕಾಗದಗಳಲ್ಲಿ ಸಿಗುತ್ತಲೇ ಇರುತ್ತಾರೆ.

ಆದ್ದರಿಂದ ತಂಗಿಯನ್ನು ಅವಳ ಮನೆಯಲ್ಲಿ ಕೇಳಬೇಡಿ. ಅವಳು ಊರಿಗೆ ಬಂದಾಗ, ಇಬ್ಬರೇ ಇರುವಾಗ ಕೇಳಿ: "ಅಲ್ಲಿ ಯಾರಾದರೂ ಏನಾದರೂ ಅಂತಾರಾ?" ಇಲ್ಲ ಎಂದರೆ ಅದು ಅಣ್ಣ ತಂಗಿಯ ಮುನಿಸು, ಹಬ್ಬದ ಊಟದಷ್ಟರಲ್ಲಿ ಕರಗುತ್ತದೆ. ಹೌದು, ಇಂಥದ್ದೇ ತರಬೇಕೆಂದು ಪಟ್ಟಿ ಹೇಳುತ್ತಾರೆ ಎಂದರೆ ವಿಷಯ ಬೇರೆ. ಪ್ರೀತಿಯಿಂದ ಕೊಡುವ ಬಾಗಿನಕ್ಕೆ 1961ರ ವರದಕ್ಷಿಣೆ ನಿಷೇಧ ಕಾಯಿದೆ ಅಡ್ಡ ಬರುವುದಿಲ್ಲ. ಆದರೆ ಮದುವೆಯ ಸಂಬಂಧವಾಗಿ ಕೇಳಿ ಪಡೆಯುವುದು ಮದುವೆ ಮುಗಿದ ಮೇಲಾದರೂ ವರದಕ್ಷಿಣೆಯೇ ಎಂದು ಆ ಕಾಯಿದೆ ಹೇಳುತ್ತದೆ. ಪಟ್ಟಿಗೆ ತಲೆಬಾಗಿ ನೀವು ಸಾಲ ಮಾಡಿದರೆ ಮುಂದಿನ ವರ್ಷದ ಪಟ್ಟಿ ಇನ್ನೂ ಉದ್ದವಾಗುತ್ತದೆ.

ಈಗ ಪೆನ್ನಿಗೆ ಬರೋಣ. ಅಪ್ಪ ಉಯಿಲು ಬರೆದಿಟ್ಟ ಸುದ್ದಿ ನಿಮ್ಮ ಪತ್ರದಲ್ಲಿಲ್ಲ. ಬರೆದಿಲ್ಲವಾದರೆ ಅಕ್ಕ, ತಂಗಿಗೆ ನಿಮ್ಮಷ್ಟೇ ಪಾಲು. ಪಿತ್ರಾರ್ಜಿತವಾದರೂ ಹಾಗೇ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಂದ 1994ರ ತಿದ್ದುಪಡಿ ಅದಾಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು, 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಇನ್ನು ಪೌತಿ ಖಾತೆಯ ಸಹಿ. ಸತ್ತವರ ಹೆಸರಿನಿಂದ ಬದುಕಿರುವವರ ಹೆಸರಿಗೆ ದಾಖಲೆ ಬದಲಾಗಲಿ ಎಂಬುದಕ್ಕೆ ಅವರು ಕೊಟ್ಟ ಒಪ್ಪಿಗೆ ಅದು. ಹಕ್ಕು ಬಿಡುವುದಾದರೆ ಬೇರೆಯೇ ಬಿಡುಗಡೆ ಪತ್ರ ಬರೆದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕು. ಅದು ಆಗಿಲ್ಲದಿದ್ದರೆ ಪಹಣಿಯಲ್ಲಿ ನಿಮ್ಮೊಬ್ಬರ ಹೆಸರಿದ್ದರೂ ಅವರ ಪಾಲು ಅಲ್ಲೇ ಇದೆ.

ನಮ್ಮ ಕಡೆ "ಅರಿಶಿನ ಕುಂಕುಮಕ್ಕೆ ಬಿಟ್ಟದ್ದು" ಎಂದು ಹೆಣ್ಣುಮಕ್ಕಳಿಗೆ ಅರ್ಧ ಎಕರೆಯೋ ನಾಲ್ಕು ತೆಂಗಿನ ಮರವೋ ತೋರಿಸುವ ರೂಢಿಯಿತ್ತು. ಈಗ ಜಮೀನಿನ ಮಾತೆತ್ತದೆ ಅರಿಶಿನ ಕುಂಕುಮ ಮಾತ್ರ ಕೊಡುವ ಅಣ್ಣತಮ್ಮಂದಿರು ಹೆಚ್ಚು. ಕೇಳದೆ ಸಹಿ ಹಾಕಿಕೊಟ್ಟ ಅಕ್ಕನಿಗೆ ವರ್ಷಕ್ಕೊಮ್ಮೆ ಬರುವ ಆ ಮೊರವೊಂದೇ ತವರಿನ ಗುರುತು. ಅದನ್ನೂ ತಂಗಿಯ ಮೂರನೇ ಒಂದು ಭಾಗಕ್ಕೆ ಇಳಿಸಿದಿರಿ. ಅವಳು ಪೆನ್ನಿನ ಮಾತಾಡಿದ್ದರಲ್ಲಿ ಏನು ತಪ್ಪು?

ಲೆಕ್ಕ ಕೇಳಿದ್ದೀರಿ, ಹೇಳುತ್ತೇನೆ. ಈ ವರ್ಷದಿಂದ ಇಬ್ಬರಿಗೂ ಮೊರದ ಸಾಮಾನು, ಸೀರೆ, ದಕ್ಷಿಣೆ ಸೇರಿ ತಲಾ 2,500. ಒಂದೇ ಅಂಗಡಿಯಲ್ಲಿ, ಒಂದೇ ದರದ ಎರಡು ಸೀರೆ, ಬಣ್ಣ ಬೇರೆಯಿರಲಿ. ಒಟ್ಟು 5,000. ಕಳೆದ ಸಲ ನಿಮಗೆ 8,000 ಆಗಿತ್ತು, ಅಂದರೆ 3,000 ಉಳಿಯಿತು. ಅದಕ್ಕೆ ತಿಂಗಳಿಗೆ 500ರಂತೆ ಸೇರಿಸಿ ಬೇರೆ ಖಾತೆಯಲ್ಲಿಟ್ಟರೆ ವರ್ಷಕ್ಕೆ 9,000. ಯಾಕೆಂದರೆ ಮದುವೆಯಾಗಿ ಕೆಲವು ವರ್ಷ ಕಳೆದಂತೆ ಅಣ್ಣನ ಮೇಲಿನ ನಿರೀಕ್ಷೆ ಬಾಗಿನದಿಂದ ಮಕ್ಕಳ ಕಡೆಗೆ ಸರಿಯುತ್ತದೆ. ಮಗುವಿನ ಕಿವಿ ಚುಚ್ಚುವಾಗ ಸೋದರಮಾವನ ತೊಡೆ ಬೇಕು, ಓಲೆಯೂ ಅವನದೇ. ಹುಡುಗಿ ದೊಡ್ಡವಳಾದರೆ ಹಸಿರು ಸೊಪ್ಪು ತಂದು ಗುಡ್ಲು ಹಾಕುವವನೂ ಅವನೇ. (ಅದನ್ನು ಊರಿಗೆಲ್ಲ ಸಾರುವುದು ನನಗಂತೂ ಹಿಡಿಸುವುದಿಲ್ಲ. ನಿಮ್ಮ ಮನೆಯ ಹುಡುಗಿಯನ್ನೇ ಒಂದು ಮಾತು ಕೇಳಿ.) ಹಬ್ಬದಲ್ಲಿ ಮೆರೆದು ಈ ಹೊತ್ತಿಗೆ ಕೈ ಖಾಲಿ ಮಾಡಿಕೊಂಡ ಸೋದರಮಾವಂದಿರೇ ಆಮೇಲೆ ಬಡ್ಡಿಗೆ ತರುತ್ತಾರೆ.

2,500 ಎಂಬುದನ್ನು ಹಬ್ಬಕ್ಕೆ ಒಂದು ತಿಂಗಳ ಮೊದಲೇ ಇಬ್ಬರಿಗೂ ಹೇಳಿಬಿಡಿ. ತಂಗಿಗೆ, "ಮೊದಲನೆಯದು ಮದುವೆ ವರ್ಷದ್ದಮ್ಮ, ಇನ್ನು ಅಕ್ಕನಿಗೂ ನಿನಗೂ ಒಂದೇ" ಅಂದರೆ ಸಾಕು. ಅಕ್ಕನಿಗೆ ಇನ್ನೊಂದು ಮಾತೂ ಹೇಳಬೇಕು: ಜಮೀನಿನ ವಿಷಯ ಮೂವರೂ, ಅಮ್ಮ ಇದ್ದರೆ ಅವರೂ ಕೂತು ಮಾತಾಡೋಣ ಎಂದು. ಅವಳು ಪಾಲು ಬೇಡ ಅನ್ನಬಹುದು, ಬೇಕು ಅನ್ನಲೂಬಹುದು. ಬೇಕು ಎಂದರೆ ಬಾಗಿನ ನಿಲ್ಲಿಸುತ್ತೇನೆ ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಬರಕೂಡದು. ಪಾಲು ಕೇಳಿದ ವರ್ಷದಿಂದ ಬಾಗಿನ ನಿಂತ ಮನೆಗಳನ್ನು ನಾನು ಕಂಡಿದ್ದೇನೆ. ಕೋರ್ಟಿನಲ್ಲಿ ರಾಜಿಯಾದರೂ ಆ ಮೊರ ಮತ್ತೆ ಹೊರಡಲಿಲ್ಲ.

ದುಡ್ಡನ್ನು ಫೋನಿನಲ್ಲಿ ಹಾಕಬೇಡಿ, ಹೋಗಿ. ಈ ಸಲ ಅಕ್ಕನ ಮನೆಗೆ ಮೊದಲು. ಮೊರಗಳನ್ನು ವಾರದ ಮುಂಚೆಯೇ ತಂದು, ತೊಳೆದು, ಅರಿಶಿನ ಸವರಿ ಬಿಸಿಲು ಕಂಡಾಗಲೆಲ್ಲ ಹೊರಗಿಡಿ. ಭಾದ್ರಪದದ ಮಳೆಯಲ್ಲಿ ಹಸಿ ಮೊರಕ್ಕೆ ಅಕ್ಕಿ ಬೇಳೆ ಹಾಕಿ ಮುಚ್ಚಿದರೆ ತೆಗೆಯುವ ಹೊತ್ತಿಗೆ ಮುಗ್ಗಲು ವಾಸನೆ ಬಂದಿರುತ್ತದೆ, ನಿಮ್ಮ ಪಂಚೆಯೂ ಹಳದಿಯಾಗುತ್ತದೆ.

— ಸಂ.